ಪಾಠದ ನಡುವೆ ಭಾಷೆ ದಾಟುವ ಹೊತ್ತು

ನಮ್ಮ ಸರ್ಕಾರಿ ಶಾಲೆಗಳ ಇಂಗ್ಲಿಷ್ ಮಾಧ್ಯಮ ತರಗತಿಯಲ್ಲಿ ಪಾಠವಿಡೀ ಇಂಗ್ಲಿಷ್ ಕೇಳುವುದು ಅಪರೂಪ. ಪುಸ್ತಕದ ವಾಕ್ಯ ಇಂಗ್ಲಿಷ್, ವಿವರಣೆ ಕನ್ನಡ, ಉತ್ತರ ಮತ್ತೆ ಇಂಗ್ಲಿಷ್. ಹೀಗೆ ಒಂದೇ ಮಾತುಕತೆಯಲ್ಲಿ ಭಾಷೆಯಿಂದ ಭಾಷೆಗೆ ದಾಟುವುದೇ ಕೋಡ್ ಸ್ವಿಚಿಂಗ್. ತಪಾಸಣೆಗೆ ಯಾರಾದರೂ ಬಂದರೆ ಶಿಕ್ಷಕರು ಇದನ್ನು ಮುಚ್ಚಿಡುವುದುಂಟು. ಮುಚ್ಚಿಡಬೇಕಾದ್ದೇನಿಲ್ಲ. ಯಾವಾಗ ದಾಟುತ್ತೇವೆ, ಮರಳಿ ಬರುತ್ತೇವೋ ಇಲ್ಲವೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಹಲಗೆಯ ಮೇಲೆ ‘ಸಬ್‌ಟ್ರ್ಯಾಕ್ಟ್ 5 ಫ್ರಮ್ 12’ ಎಂದಿದೆ ಎನ್ನೋಣ. ಕನ್ನಡದಲ್ಲಿ 12 ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ 5. ಕಂಡ ಕ್ರಮದಲ್ಲೇ ಬರೆಯುವ ಮಗು 5 − 12 ಎಂದು ಬರೆದು, ಚಿಕ್ಕದರಿಂದ ದೊಡ್ಡದು ಹೋಗದೆಂದು ತಾನೇ ತಿರುಗಿಸಿಕೊಂಡು 7 ಎನ್ನುತ್ತದೆ. ಉತ್ತರ ಸರಿ, ವಾಕ್ಯ ಮಾತ್ರ ಅರ್ಥವಾಗಿಲ್ಲ. ಬೀಜಗಣಿತ ಬಂದು 5b ಯಿಂದ 3a ಕಳೆಯಲು ಇಂಗ್ಲಿಷಿನಲ್ಲಿ ಹೇಳಿದಾಗ ಚಿಕ್ಕದು-ದೊಡ್ಡದರ ಸುಳಿವು ಸಿಗುವುದಿಲ್ಲ. 3a − 5b ಎಂದು ಬರೆದು ತಪ್ಪುತ್ತದೆ.

ಇಲ್ಲಿ ಶಿಕ್ಷಕಿ “ಅಂದ್ರೆ ಹನ್ನೆರಡರಿಂದ ಐದು ಕಳೀರಿ” ಎಂದುಬಿಟ್ಟರೆ ಲೆಕ್ಕ ಮುಗಿಯಿತು, ಆ ವಾಕ್ಯ ಓದುವ ಕೆಲಸ ಮಗುವಿನ ಕೈತಪ್ಪಿತು. ಅಮೆರಿಕದ ಭಾಷಾವಿಜ್ಞಾನಿ ಲಿಲಿ ವಾಂಗ್ ಫಿಲ್ಮೋರ್ ದ್ವಿಭಾಷಾ ತರಗತಿಗಳಲ್ಲಿ ಗಮನಿಸಿದ್ದೂ ಇದನ್ನೇ: ಪ್ರತಿ ಮಾತಿಗೂ ಅನುವಾದ ಸಿಗುವ ಕಡೆ ಮಕ್ಕಳು ಹೊಸ ಭಾಷೆಗೆ ಕಿವಿಗೊಡದೆ ತಮ್ಮ ಭಾಷೆಯ ಸರದಿಗೆ ಕಾಯುತ್ತಾರೆ.

ಅದರ ಬದಲು “ಯಾವುದರಿಂದ ಯಾವುದನ್ನ ತೆಗೀಬೇಕು? ಪಕ್ಕದವರಿಗೆ ಹೇಳಿ” ಎಂದು ಕೇಳಿದರೆ ಕನ್ನಡ ಯೋಚನೆಯ ಭಾಷೆಯಾಗುತ್ತದೆ. “ಐದರಿಂದ ಮಿಸ್” ಎಂದು ಒಬ್ಬ, “ಅಲ್ಲ, ಹನ್ನೆರಡರಿಂದ” ಎಂದು ಇನ್ನೊಬ್ಬಳು. ಆ ವಾದದಲ್ಲಿ ತಪ್ಪು ಹೊರಬೀಳುತ್ತದೆ. ಇಂಗ್ಲಿಷ್ ಮಾತ್ರ ಇದ್ದಿದ್ದರೆ ಇಬ್ಬರೂ ಸುಮ್ಮನಿರುತ್ತಿದ್ದರು. ಆಮೇಲೆ ಶಿಕ್ಷಕಿ ‘ಫ್ರಮ್’ ಮೇಲೆ ಬೆರಳಿಟ್ಟು, ಅದರ ಮುಂದಿರುವ ಸಂಖ್ಯೆಯನ್ನು ಮೊದಲು ಬರೆಯಬೇಕೆಂದು ಮಕ್ಕಳಿಂದಲೇ ಹೇಳಿಸುತ್ತಾರೆ. ಕೊನೆಗೆ ಕನ್ನಡದ ಒಂದು ಮಾತೂ ಇಲ್ಲದೆ ಅಕ್ಷರಗಳ ಹೊಸ ಲೆಕ್ಕ ಕೊಡುತ್ತಾರೆ. ಕಲಿತದ್ದು ಗೊತ್ತಾಗುವುದು ಅಲ್ಲಿಯೇ, “ಅರ್ಥ ಆಯ್ತಾ?” ಎಂದಾಗ ಎಲ್ಲರೂ ಒಟ್ಟಿಗೆ ಕೂಗುವ “ಹೂಂ ಮಿಸ್”ನಲ್ಲಿ ಅಲ್ಲ.

ಈ ದಾರಿಯಲ್ಲಿ ಬಿಟ್ಟುಹೋಗುವ ಒಂದು ಹಂತವನ್ನು ದಕ್ಷಿಣ ಆಫ್ರಿಕಾದ ಜಿಲ್ ಆಡ್ಲರ್ ಮತ್ತು ಮಮೊಕ್ಗೆಥಿ ಸೆಟಾಟಿ ಗುರುತಿಸಿದರು. ಮನೆಮಾತಿನಲ್ಲಿ ಹರಟಿದ ತರಗತಿ ನೇರ ಇಂಗ್ಲಿಷ್ ಗಣಿತಕ್ಕೆ ಹಾರುತ್ತದೆ; ಮನೆಮಾತಿನಲ್ಲೇ ಗಣಿತವನ್ನು ಖಚಿತವಾಗಿ ಹೇಳುವ ಅಭ್ಯಾಸ ಆಗುವುದಿಲ್ಲ. ನಮ್ಮಲ್ಲೂ “ಅದನ್ನ ಆ ಕಡೆ ಹಾಕು” ಎಂಬ ಕನ್ನಡ ಧಾರಾಳ. “ಸಮೀಕರಣದ ಎರಡೂ ಬದಿಯಿಂದ 3 ಕಳೆ” ಎಂಬ ಕನ್ನಡ ಕಡಿಮೆ. ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ.

ತುಳು, ಉರ್ದು, ಲಂಬಾಣಿ ಮನೆಗಳ ಮಕ್ಕಳಿಗೆ ಕನ್ನಡಕ್ಕೆ ದಾಟುವುದೂ ಇನ್ನೊಂದು ಕಲಿತ ಭಾಷೆಗೆ ದಾಟುವುದೇ. ಶಿಕ್ಷಕಿಗೆ ಲಂಬಾಣಿ ಬರಬೇಕಿಲ್ಲ. ಅದೇ ಮಾತಿನ ಇಬ್ಬರನ್ನು ಜೊತೆಗೆ ಕೂರಿಸಿ, ಅವರ ಮಾತಿನಲ್ಲೇ ವಾದಿಸಲು ಬಿಟ್ಟು, ಕೊನೆಗೆ ಬರೆದದ್ದನ್ನು ನೋಡಿದರೆ ಸಾಕು.