ಮಣಿಕಟ್ಟು ಸೊರಗಿತು, ಮೊಣಕೈ ಊದಿತು

ಅನಿಮೇಷನ್ ಚಿತ್ರದ ಪಾತ್ರವೊಂದು ಬೀಗಕ್ಕೆ ಕೀಲಿ ಹಾಕಿ ತಿರುಗಿಸುತ್ತದೆ. ಮುಖ, ಬಟ್ಟೆ, ಬೆಳಕು ಎಲ್ಲವೂ ನಿಜದಂತಿವೆ. ಆದರೆ ಅಂಗೈ ತಿರುಗುತ್ತಾ ಹೋದಂತೆ ಮಣಿಕಟ್ಟು ಸೊರಗಿ, ತಿರುಚಿದ ಮಿಠಾಯಿ ಕಾಗದದ ತುದಿಯಂತಾಗುತ್ತದೆ. ಈ ದೋಷಕ್ಕೆ ಅನಿಮೇಷನ್ ಮಂದಿ ಇಟ್ಟ ಹೆಸರೂ ಅದೇ: ‘ಕ್ಯಾಂಡಿ ರ‍್ಯಾಪರ್’. ಸಾಫ್ಟ್‌ವೇರಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಮಣಿಕಟ್ಟು ಸರಿಹೋಗುತ್ತದೆ. ಆಮೇಲೆ ಅದೇ ಪಾತ್ರ ಕೈ ಮಡಚಿದರೆ, ಮೊಣಕೈ ಪೆಟ್ಟು ಬಿದ್ದು ಬಾತುಕೊಂಡಂತೆ ಕಾಣುತ್ತದೆ!

ಎರಡೂ ದೋಷಗಳ ಬೇರು ಒಂದೇ ಕಡೆ ಇದೆ. ಡಿಜಿಟಲ್ ಪಾತ್ರದ ಚರ್ಮವೆಂದರೆ ಸಾವಿರಾರು ಬಿಂದುಗಳ ಒಂದು ಬಲೆ. ಒಳಗಿರುವ ಕಾಲ್ಪನಿಕ ಮೂಳೆಗಳನ್ನು ಅನಿಮೇಟರ್ ಅಲುಗಾಡಿಸುತ್ತಾರೆ, ಬಿಂದುಗಳು ಅವುಗಳ ಹಿಂದೆ ಹೋಗುತ್ತವೆ. ತೋಳಿನ ನಡುವಿನ ಬಿಂದು ಯಾರ ಮಾತು ಕೇಳಬೇಕೆಂಬ ಗೊಂದಲವಿಲ್ಲ, ಅದು ತೋಳಿನ ಮೂಳೆಗೇ ಸೇರಿದ್ದು. ಕೀಲಿನ ಹತ್ತಿರದ ಬಿಂದುವಿಗೆ ಮಾತ್ರ ಇಬ್ಬರು ಯಜಮಾನರು. ತೋಳಿನ ಮೂಳೆಗೆ ಶೇ 80, ಮುಂಗೈ ಮೂಳೆಗೆ ಶೇ 20 ಎಂದು ಪಾಲು ಹಂಚಬೇಕಾಗುತ್ತದೆ. ಈ ಪಾಲಿಗೆ ‘ವೇಟ್’ ಎನ್ನುತ್ತಾರೆ. ಇಬ್ಬರ ಮಾತನ್ನೂ ಬೆರೆಸಿ ಬಿಂದುವಿನ ಹೊಸ ಜಾಗ ಗೊತ್ತುಮಾಡುವ ಲೆಕ್ಕವೇ ಸ್ಕಿನ್ನಿಂಗ್.

ಹಳೆಯ ವಿಧಾನ ಲೀನಿಯರ್ ಬ್ಲೆಂಡ್ ಸ್ಕಿನ್ನಿಂಗ್. ಅದರ ಲೆಕ್ಕ ಸರಳ. ಬಿಂದು ಪೂರ್ತಿ ಮೊದಲ ಮೂಳೆಗೆ ಅಂಟಿಕೊಂಡಿದ್ದರೆ ಎಲ್ಲಿರುತ್ತಿತ್ತು? ಪೂರ್ತಿ ಎರಡನೆಯದಕ್ಕೆ ಅಂಟಿಕೊಂಡಿದ್ದರೆ ಎಲ್ಲಿರುತ್ತಿತ್ತು? ಈ ಎರಡು ಜಾಗಗಳ ನಡುವೆ ನೇರ ಗೆರೆ ಎಳೆದು, ಪಾಲಿಗೆ ತಕ್ಕಂತೆ ಆ ಗೆರೆಯ ಮೇಲೆ ಬಿಂದುವನ್ನು ಕೂರಿಸುವುದು. ತೊಂದರೆ ಇರುವುದು ಆ ನೇರ ಗೆರೆಯಲ್ಲೇ. ಮೂಳೆ ತಿರುಗಿದಾಗ ಬಿಂದು ವೃತ್ತದ ಮೇಲೆ ಸಾಗಬೇಕು. ನೇರ ಗೆರೆಯಾದರೋ ವೃತ್ತದ ಒಳಗಿನಿಂದ ಅಡ್ಡದಾರಿ ಹಿಡಿಯುತ್ತದೆ.

ಮುಂಗೈಯನ್ನು 4 ಸೆಂಟಿಮೀಟರ್ ತ್ರಿಜ್ಯದ ಕೊಳವೆ ಎಂದುಕೊಳ್ಳಿ. ಅಂಗೈಯನ್ನು 90 ಡಿಗ್ರಿ ತಿರುಚಿದರೆ, ಅರ್ಧರ್ಧ ಪಾಲಿರುವ ಜಾಗದಲ್ಲಿ ತ್ರಿಜ್ಯ ಸುಮಾರು 2.8 ಸೆಂಟಿಮೀಟರಿಗೆ ಇಳಿಯುತ್ತದೆ. ಅಂದರೆ ಅಲ್ಲಿ ಕೈಯ ಅಡ್ಡಕೊಯ್ತದ ವಿಸ್ತೀರ್ಣ ಸರಿಯಾಗಿ ಅರ್ಧ. 180 ಡಿಗ್ರಿ ತಿರುಚಿದರಂತೂ ಎರಡು ಜಾಗಗಳು ವೃತ್ತದ ಎದುರುಬದಿರು ತುದಿಗಳಾಗುತ್ತವೆ, ನಡುವಿನ ಬಿಂದು ಕೇಂದ್ರಕ್ಕೇ ಬೀಳುತ್ತದೆ. ಸುತ್ತಲಿನ ಎಲ್ಲ ಬಿಂದುಗಳ ಗತಿಯೂ ಇದೇ ಆದ್ದರಿಂದ ಅಲ್ಲಿ ಮಣಿಕಟ್ಟಿನ ದಪ್ಪ ಸೊನ್ನೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಡ್ಯುಯಲ್ ಕ್ವಾಟರ್ನಿಯನ್ ಸ್ಕಿನ್ನಿಂಗ್. ಲಾಡಿಸ್ಲಾವ್ ಕವಾನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಮಂಡಿಸಿದರು. ಆಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜೂ ಈ ಕೆಲಸದಲ್ಲಿತ್ತು. ವಿಲಿಯಂ ರೋವನ್ ಹ್ಯಾಮಿಲ್ಟನ್ 1843ರಲ್ಲಿ ಕ್ವಾಟರ್ನಿಯನ್ ಸೂತ್ರ ಹೊಳೆದಾಗ ಅದನ್ನು ಸೇತುವೆಯ ಕಲ್ಲಿನ ಮೇಲೆ ಗೀಚಿದ್ದು ಕೂಡ ಡಬ್ಲಿನ್ನಿನಲ್ಲೇ. ಊರಿಗೂ ಈ ಗಣಿತಕ್ಕೂ ಏನೋ ನಂಟು. ಕ್ವಾಟರ್ನಿಯನ್ ಎಂದರೆ ತಿರುಗುವಿಕೆಯನ್ನು ಹಿಡಿದಿಡುವ ನಾಲ್ಕು ಸಂಖ್ಯೆಗಳು. ‘ಡ್ಯುಯಲ್’ ಆದಾಗ ಸಂಖ್ಯೆ ಎಂಟಾಗುತ್ತದೆ, ಸರಿದಾಟವೂ ಅದರೊಳಗೆ ಸೇರುತ್ತದೆ. ಇಲ್ಲಿ ಬೆರೆಸುವುದು ಬಿಂದುವಿನ ಎರಡು ಜಾಗಗಳನ್ನಲ್ಲ, ಎರಡು ಮೂಳೆಗಳ ಚಲನೆಗಳನ್ನೇ. 90 ಡಿಗ್ರಿಗೂ ಸೊನ್ನೆಗೂ ನಡುವಿನ ಅರ್ಧ ಪಾಲೆಂದರೆ 45 ಡಿಗ್ರಿ ತಿರುಗುವುದು, ಅಷ್ಟೆ. ಬಿಂದು ಅಡ್ಡದಾರಿ ಬಿಟ್ಟು ವೃತ್ತದ ಕಮಾನಿನ ಮೇಲೇ ಸಾಗುತ್ತದೆ, ಮಣಿಕಟ್ಟಿನ ತ್ರಿಜ್ಯ 4 ಸೆಂಟಿಮೀಟರೇ ಉಳಿಯುತ್ತದೆ.

ಹಾಗಾದರೆ ಮೊಣಕೈ ಊದುವುದೇಕೆ? ಕಾರಣ ಅದೇ ಕಮಾನು. ತಿರುಚುವಾಗ ಬಿಂದು ಮೂಳೆಯ ಸುತ್ತ ಸುತ್ತುತ್ತದೆ, ಮಡಚುವಾಗ ಕೀಲಿನ ಸುತ್ತ. ಬಿಂದು ಕೀಲಿನಿಂದ ದೂರವಿದ್ದಷ್ಟೂ ಅದು ಸುತ್ತುವ ವೃತ್ತ ದೊಡ್ಡದು.

ಕೈಯನ್ನು ಅಡ್ಡಡ್ಡ ಚಾಚಿ, ಮೊಣಕೈಯ ಗಂಟು ಮೇಲಕ್ಕಿರುವಂತೆ ಊಹಿಸಿಕೊಳ್ಳಿ. ಈ ಸಲ ತ್ರಿಜ್ಯ 5 ಸೆಂಟಿಮೀಟರ್ ಇರಲಿ. ಮುಂಗೈಯನ್ನು 90 ಡಿಗ್ರಿ ಕೆಳಕ್ಕೆ ಮಡಚೋಣ. ಮೊದಲು ಗಂಟಿನ ತುದಿಯ ಬಿಂದು: ಕೀಲಿನ ನೇರ ಮೇಲೆ, ಅರ್ಧರ್ಧ ಪಾಲು. ಲೀನಿಯರ್ ಲೆಕ್ಕದಲ್ಲಿ ಕೀಲಿನಿಂದ ಅದರ ದೂರ 3.5 ಸೆಂಟಿಮೀಟರಿಗೆ ಕುಸಿದು ಮೊಣಕೈ ಚಪ್ಪಟೆಯಾಗುತ್ತದೆ. ಡ್ಯುಯಲ್ ಕ್ವಾಟರ್ನಿಯನ್ನಿನಲ್ಲಿ 5 ಸೆಂಟಿಮೀಟರ್ ಹಾಗೇ ಉಳಿಯುತ್ತದೆ. ಇಲ್ಲಿಯವರೆಗೆ ಹೊಸದೇ ಮೇಲು.

ಈಗ ಭುಜದ ಕಡೆಗೆ 5 ಸೆಂಟಿಮೀಟರ್ ಹಿಂದೆ ಸರಿದು, ತೋಳಿನ ಮೇಲ್ಭಾಗದ ಬಿಂದುವೊಂದನ್ನು ನೋಡಿ. ಅದರಲ್ಲಿ ಮುಂಗೈಯ ಪಾಲು ಶೇ 20 ಮಾತ್ರ. ಲೀನಿಯರ್ ಲೆಕ್ಕ ಮಾಡಿದರೆ ಅದು ತೋಳಿನ ಮಧ್ಯರೇಖೆಯಿಂದ 5 ಸೆಂಟಿಮೀಟರ್ ಎತ್ತರದಲ್ಲೇ ಇರುತ್ತದೆ, ತೋಳಿನ ಮೇಲ್ಮೈ ಕೆಡುವುದಿಲ್ಲ. ಡ್ಯುಯಲ್ ಕ್ವಾಟರ್ನಿಯನ್ ಅದನ್ನು 90ರ ಶೇ 20ಕ್ಕೆ ಹತ್ತಿರ, ಅಂದರೆ ಸುಮಾರು 17 ಡಿಗ್ರಿ ತಿರುಗಿಸುತ್ತದೆ. ಕೀಲಿನಿಂದ ಸುಮಾರು 7 ಸೆಂಟಿಮೀಟರ್ ದೂರವಿರುವ ಆ ಬಿಂದು ಕಮಾನಿನ ಮೇಲೆ ಸಾಗುತ್ತಾ ಮೇಲೇರಿ, ಸುಮಾರು 6.2 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಮಡಚಿದ್ದು ಮುಂಗೈ, ಉಬ್ಬಿದ್ದು ತೋಳು! ಮುಂಗೈಯ ಕಡೆಯಲ್ಲೂ ಕನ್ನಡಿಯಲ್ಲಿ ಕಂಡಂತೆ ಇದೇ ಆಗುತ್ತದೆ. ಗಂಟಿನ ಎರಡೂ ಪಕ್ಕ ಎದ್ದ ಈ ಉಬ್ಬುಗಳೇ ನೋಡುವವರ ಕಣ್ಣಿಗೆ ಊತವಾಗಿ ಕಾಣುವುದು.

ಪಾಲು ಹಂಚಿಕೆ ಕೀಲಿನಿಂದ ಎಷ್ಟು ದೂರ ಹರಡಿದೆಯೋ ಊತವೂ ಅಷ್ಟು ಜೋರು. ಮೇಲಿನ ಬಿಂದುವಿಗೆ ಮುಂಗೈಯ ಪಾಲು ಶೇ 20ರ ಬದಲು ಸೊನ್ನೆ ಇದ್ದಿದ್ದರೆ ಅದು ಕದಲುತ್ತಲೇ ಇರಲಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಲೀನಿಯರ್ ವಿಧಾನದ ಕುಸಿತ ಮರೆಸಲು ಕಲಾವಿದರು ಪಾಲನ್ನು ಅಗಲವಾಗಿ, ನಯವಾಗಿ ಹರಡಿರುತ್ತಾರೆ. ಆಮೇಲೆ ಯಾರೋ ಅದೇ ರಿಗ್‌ಗೆ ಬ್ಲೆಂಡರಿನಲ್ಲಿ Preserve Volume ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ. ಆ ಚೌಕದ ಹಿಂದಿರುವುದು ಡ್ಯುಯಲ್ ಕ್ವಾಟರ್ನಿಯನ್ ಲೆಕ್ಕವೇ. ಹಳೆಯ ರೋಗಕ್ಕೆ ಬಳಿದ ವೇಟ್ ಹೊಸ ರೋಗವನ್ನು ತರುತ್ತದೆ. ಹೆಸರು ಗಾತ್ರ ಕಾಪಾಡುವುದಾಗಿ ಹೇಳಿದರೂ ಅಗಲ ವೇಟ್ ಇದ್ದಲ್ಲಿ ಅದು ಗಾತ್ರ ಹೆಚ್ಚಿಸುತ್ತದೆ.

ಹಾಗಂತ ಲೀನಿಯರ್ ವಿಧಾನ ಮೂಲೆಗೆ ಸೇರಿಲ್ಲ. ಆಟಗಳಲ್ಲಿ ಅದರದ್ದೇ ಬಳಕೆ ಹೆಚ್ಚು. ಮಣಿಕಟ್ಟಿನ ತೊಂದರೆಗೆ ಅಲ್ಲಿನವರ ಉಪಾಯ ಮುಂಗೈಯೊಳಗೆ ಹೆಚ್ಚುವರಿ ‘ಟ್ವಿಸ್ಟ್’ ಮೂಳೆಗಳನ್ನು ಇಡುವುದು. 90 ಡಿಗ್ರಿಯ ತಿರುವು 30ರಂತೆ ಮೂರು ಕಡೆ ಹಂಚಿಹೋದರೆ, ಒಂದೊಂದು ಕಡೆ ತ್ರಿಜ್ಯದಲ್ಲಿ ಕಳೆದುಹೋಗುವುದು ಶೇ 3.4 ಮಾತ್ರ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಅಂಗಾಂಗ ಹಿಗ್ಗಿ ಕುಗ್ಗುವ ಕಾರ್ಟೂನ್ ಪಾತ್ರಗಳಿಗೂ ಲೀನಿಯರ್ ಸಲೀಸು. ಡ್ಯುಯಲ್ ಕ್ವಾಟರ್ನಿಯನ್ನಿನ ಎಂಟು ಸಂಖ್ಯೆಗಳಲ್ಲಿ ತಿರುಗುವುದು, ಸರಿಯುವುದು ಇವೆರಡಕ್ಕೇ ಜಾಗ. ಹಿಗ್ಗಿಸುವ ಕೆಲಸವನ್ನು ಬೇರೆಯಾಗಿಯೇ ಸೇರಿಸಬೇಕು. ಎರಡು ಮೂಳೆಗಳ ನಡುವಿನ ತಿರುವು 180 ಡಿಗ್ರಿ ದಾಟಿದರೆ ಅದು ಹತ್ತಿರದ ದಾರಿ ಹುಡುಕಿ ಥಟ್ಟನೆ ಎದುರು ದಿಕ್ಕಿಗೆ ಹಾರುವುದೂ ಉಂಟು.

ಎರಡೂ ದೋಷಗಳನ್ನು ಒಟ್ಟಿಗೆ ನೀಗಿಸುವ ಪ್ರಯತ್ನಗಳು ನಡೆದಿವೆ. 2016ರಲ್ಲಿ ಬಿನ್ ಲೆ ಮತ್ತು ಜೆಸ್ಸಿಕಾ ಹಾಡ್ಜಿನ್ಸ್, ಪ್ರತಿ ಬಿಂದುವಿಗೂ ಅದರದೇ ತಿರುಗುವ ಕೇಂದ್ರವನ್ನು ಮೊದಲೇ ಲೆಕ್ಕಹಾಕಿಡುವ ವಿಧಾನ ತೋರಿಸಿದರು. ಮಾಯಾ ಸಾಫ್ಟ್‌ವೇರ್ ಇನ್ನೊಂದು ದಾರಿ ಕೊಟ್ಟಿದೆ. ಅದರಲ್ಲಿ Weight Blended ಆರಿಸಿಕೊಂಡು, ಎಲ್ಲಿ ಯಾವ ಲೆಕ್ಕ ಎಷ್ಟು ಬೇಕೆಂದು ಚರ್ಮದ ಮೇಲೆ ಬಣ್ಣ ಬಳಿದಂತೆ ಬಳಿಯಬಹುದು. ತಿರುಚುವ ಮಣಿಕಟ್ಟು, ಮುಂಗೈಗೆ ಡ್ಯುಯಲ್ ಕ್ವಾಟರ್ನಿಯನ್. ಮಡಚುವ ಮೊಣಕೈ, ಮಂಡಿ, ಬೆರಳಿನ ಗೆಣ್ಣುಗಳಿಗೆ ಲೀನಿಯರ್, ಜೊತೆಗೆ ಕುಸಿದ ಗಂಟನ್ನು ಎತ್ತಿ ಹಿಡಿಯಲು ಕೈಯಾರೆ ತಿದ್ದಿದ ಒಂದು ಆಕಾರ. ಸದ್ಯಕ್ಕೆ ಹೆಚ್ಚು ನಂಬಬಹುದಾದ ಹಂಚಿಕೆ ಇದು.

ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಬ್ಲೆಂಡರ್ ಉಚಿತವಾಗಿ ಸಿಗುತ್ತದೆ. ಒಂದು ಉದ್ದನೆಯ ಸಿಲಿಂಡರಿನ ಬಲೆಯನ್ನು ಹಲವು ಸುತ್ತುಗಳಾಗಿ ಸೀಳಿ, ಎರಡು ಮೂಳೆ ಜೋಡಿಸಿ. ಮೊದಲು ತಿರುಚಿ, ಆಮೇಲೆ 90 ಡಿಗ್ರಿ ಮಡಚಿ, ಎರಡೂ ಸಲ Preserve Volume ಹಾಕಿ ತೆಗೆದು ಪಕ್ಕದಿಂದ ನೋಡಿ. ಮಡಚಿದಾಗ ಗಂಟಿನ ತುದಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ, ಅದರಿಂದ ಒಂದು ತ್ರಿಜ್ಯದಷ್ಟು ಹಿಂದಿನ ಮೇಲ್ಮೈಯನ್ನೂ ಗಮನಿಸಿ.