ವಾರಾಂತ್ಯದ ಹೆದ್ದಾರಿಗೆ ಯಾವ ಬೈಕ್?
ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಿಬರುವವರಿಗೆ ಸೂಪರ್ ಮೀಟಿಯರ್ 650 ಆಸೆ ಹುಟ್ಟಿಸುತ್ತದೆ. ಅದರ 241 ಕೆ.ಜಿ. ತೂಕ ಹೆದ್ದಾರಿಯಲ್ಲಿ ಗೊತ್ತಾಗದು. ಹೋಮ್‌ಸ್ಟೇ ಇಳಿಜಾರಿನ ಜಲ್ಲಿಯ ಮೇಲೆ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಗಂಟೆಗೆ 80-90 ಕಿ.ಮೀ.ಯಲ್ಲೇ ಸಾಗುವವರಿಗೆ 191 ಕೆ.ಜಿ.ಯ ಮೀಟಿಯರ್ 350 ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ವೇಗದಲ್ಲಿ ಲಾರಿ ಹಿಂದಿಕ್ಕಲು ಅದಕ್ಕೆ ಕಸುವು ಸಾಲದು.

ಗಾಳಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ವಿಂಡ್‌ಶೀಲ್ಡ್ ಎತ್ತರವಿದ್ದಷ್ಟೂ ಒಳ್ಳೆಯದಲ್ಲ. ಅದರ ಅಂಚಿನಿಂದ ಏಳುವ ಸುಳಿಗಾಳಿ ನೇರ ಹೆಲ್ಮೆಟ್‌ಗೆ ಬಡಿದರೆ ತಲೆ ಅದುರಿ ಕುತ್ತಿಗೆ ಸೋಲುತ್ತದೆ. ಟೆಸ್ಟ್ ರೈಡ್‌ನಲ್ಲಿ, ಖಾಲಿ ರಸ್ತೆಯಲ್ಲಿ ತುಸು ಬಗ್ಗಿ ನೋಡಿ. ಸದ್ದು ಥಟ್ಟನೆ ತಗ್ಗಿದರೆ ಆ ಶೀಲ್ಡ್ ನಿಮ್ಮ ಎತ್ತರಕ್ಕೆ ಹೊಂದುತ್ತಿಲ್ಲ.

ಕೊಳ್ಳುವ ಮೊದಲು ಹಾಸನದ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ಆ ಮಾಡೆಲ್‌ನ ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಸ್ಟಾಕ್ ಇದೆಯೇ ಎಂದು ಕೇಳಿ.