ಮನೆ ಅಡುಗೆ ಮಾರಲು ಯಾವ ನೋಂದಣಿ ಬೇಕು?

ಪ್ರಶ್ನೆ: ನಮ್ಮ ಮನೆ ತಾಳವಾಡಿಯಲ್ಲಿದೆ. ಚಾಮರಾಜನಗರದಿಂದಲೂ ಊಟದ ಆರ್ಡರ್ ಬರುತ್ತಿದೆ. ನೋಂದಣಿ ಯಾವ ರಾಜ್ಯದಲ್ಲಿ ಮಾಡಿಸಬೇಕು?

ಉತ್ತರ: ಅಡುಗೆಮನೆ ಎಲ್ಲಿದೆಯೋ ಅಲ್ಲೇ. ಊಟ ಗಡಿ ದಾಟಿ ಹೋದರೂ ನಿಮ್ಮ ಅರ್ಜಿ ತಮಿಳುನಾಡಿನ ಈರೋಡು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೇ ಸೇರಬೇಕು.

2011ರ ಆಹಾರ ಸುರಕ್ಷತಾ ನಿಯಮಾವಳಿ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ಲೈಸೆನ್ಸ್ ಬದಲು ಸರಳ ನೋಂದಣಿ ಸಾಕೆಂದಿತು. ತಿಂಗಳಿಗೆ 40,000 ರೂಪಾಯಿಯ ಆರ್ಡರ್ ಬಂದರೆ ವರ್ಷಕ್ಕೆ 4.8 ಲಕ್ಷ, ನೋಂದಣಿ ಸಾಕು. ಲೆಕ್ಕ ಹಾಕಬೇಕಾದದ್ದು ಲಾಭವನ್ನಲ್ಲ, ಒಟ್ಟು ಮಾರಾಟವನ್ನು. ಈಗಿನ ಮಿತಿ, ಶುಲ್ಕಗಳನ್ನು foscos.fssai.gov.in ಜಾಲತಾಣದಲ್ಲಿ ನೋಡಿಕೊಂಡು ಅಲ್ಲೇ ಅರ್ಜಿ ಹಾಕಿ. ಫೋಟೊ, ಗುರುತಿನ ಚೀಟಿ, ಅಡುಗೆಮನೆಯ ವಿಳಾಸದ ದಾಖಲೆ ಸಿದ್ಧವಿರಲಿ.

ಕೈಗೆ ಬರುವ ಸಂಖ್ಯೆ 14 ಅಂಕಿಯದು. ನೋಂದಣಿಯಾದರೆ 2ರಿಂದ, ಲೈಸೆನ್ಸಾದರೆ 1ರಿಂದ ಶುರುವಾಗುತ್ತದೆ. ಪ್ರಮಾಣಪತ್ರದ ವಿಳಾಸವೂ ಒಲೆ ಉರಿಯುವ ಮನೆಯದೇ ಆಗಿರಬೇಕು. ಬಿಲ್ಲಿನಲ್ಲಿ ಈ ಸಂಖ್ಯೆ ಹಾಕುವುದು ಕಡ್ಡಾಯ.

ಇನ್ನೊಂದು ಮಾತು: ಮನೆ ಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ ಮಾರಾಟದ ಅಡುಗೆ ಮಾಡುವಂತಿಲ್ಲ, ಮೊದಲೇ ವಾಣಿಜ್ಯ ಸಂಪರ್ಕ ಪಡೆಯಿರಿ.